ಆಂಡಾಂಟೆ, ಕ್ರೆಶೆಂಡೊ: ಮುಂದಿನ ಅಭ್ಯಾಸಕ್ಕೆ ಮೊದಲು

ಗೆಳೆಯರೇ, ನಿನ್ನೆಯ ಅಭ್ಯಾಸದಲ್ಲಿ ನಮ್ಮ ಕೃತಿಯ ಎರಡನೆಯ ಭಾಗ ಮೆರವಣಿಗೆಯಂತೆ ತೆವಳಿತು. ಅಲ್ಲಿ ಬರೆದಿರುವುದು ಆಂಡಾಂಟೆ. ಇಟಾಲಿಯನ್‌ನಲ್ಲಿ ‘ನಡೆಯುತ್ತಾ’ ಎಂದರ್ಥ. ನಿಧಾನ ಎಂದಲ್ಲ. ಮೆಟ್ರೊನೋಮ್ ಅನ್ನು 84ಕ್ಕೆ ಇಟ್ಟು, ಒಂದು ತಾಳಕ್ಕೆ ಒಂದು ಹೆಜ್ಜೆಯಂತೆ ಕೋಣೆಯಲ್ಲಿ ನಡೆದು ನೋಡಿ. ಹೆಜ್ಜೆ ಸಹಜವಾಗಿ ಬಿದ್ದರೆ ವೇಗ ಸರಿ. ಕಾಲು ಗಾಳಿಯಲ್ಲಿ ತಡೆದು ನಿಂತರೆ ನೀವು ನಿಧಾನಗತಿಯ ಅಡಾಜಿಯೊ ನುಡಿಸುತ್ತಿದ್ದೀರಿ. (ಅಲ್ಲೆಗ್ರೊ ಪದದ ಮೂಲಾರ್ಥವೂ ಉಲ್ಲಾಸವೇ, ಓಟವಲ್ಲ.)

ಇನ್ನೊಂದು, ನನ್ನನ್ನೂ ಸೇರಿಸಿ ಎಲ್ಲರ ತಪ್ಪು: ಪಿಯಾನೊ ಎಂಬ ಗುರುತು ಕಂಡೊಡನೆ ವೇಗವನ್ನೂ ಇಳಿಸುತ್ತೇವೆ. ಅದು ದನಿ ತಗ್ಗಿಸುವ ಗುರುತು ಮಾತ್ರ.

ಆ ಪಿಯಾನೊ ಗುರುತಿನ ಮುಂದಿನ ನಾಲ್ಕು ಆವರ್ತಗಳಲ್ಲಿ ದನಿಯನ್ನು ಕ್ರಮೇಣ ಏರಿಸುವ ಕ್ರೆಶೆಂಡೊ ಇದೆ, ಐದನೆಯದರ ಮೊದಲ ಸ್ವರಕ್ಕೆ ಜೋರು ದನಿಯ ಫೋರ್ಟೆ. ಕ್ರೆಶೆಂಡೊ ಪದ ಕಂಡ ಕ್ಷಣವೇ ಜೋರಾದರೆ ಎರಡನೆಯ ಆವರ್ತದಲ್ಲೇ ಶಕ್ತಿ ಮುಗಿದು, ಫೋರ್ಟೆ ಬಂದದ್ದೇ ತಿಳಿಯುವುದಿಲ್ಲ. ಮೊದಲ ಆವರ್ತವನ್ನು ಪಿಯಾನೊದಲ್ಲೇ ಉಳಿಸಿ, ಎರಡು ಮತ್ತು ಮೂರರಲ್ಲಿ ಸ್ವಲ್ಪವೇ ಏರಿಸಿ, ಹೆಚ್ಚಿನ ಏರಿಕೆಯನ್ನು ನಾಲ್ಕನೆಯದಕ್ಕೆ ಇಟ್ಟುಕೊಳ್ಳಿ. ದನಿ ಏರುವಾಗ ವೇಗವೂ ಏರುತ್ತಿದೆಯೇ ಎಂಬುದನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ, ಮೆಟ್ರೊನೋಮ್ ಜೊತೆ ಕೇಳಿ ಪರೀಕ್ಷಿಸಿ. ಮುದ್ರಿಕೆಗಳನ್ನು ಶುಕ್ರವಾರದೊಳಗೆ ಇಲ್ಲಿಗೇ ಕಳುಹಿಸಿ.