ಕೊಡೆ ಎಲ್ಲಿಡಬೇಕು, ಎಲ್ಲಿ ಬಿಚ್ಚಬೇಕು

ಚಿ. ಸಹನಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿಮ್ಮ ಬ್ಯಾಂಕ್ ಮ್ಯಾನೇಜರರ ಬೀಳ್ಕೊಡುಗೆಗೆ ನೀನು ಬರೆದ ಹತ್ತು ನಿಮಿಷದ ಭಾಷಣ ಓದಿದೆ. ಅವರು ಜನವರಿಯಲ್ಲೂ ಕೊಡೆ ಹಿಡಿದು ಬರುತ್ತಾರೆ ಅಂತ ಒಂದು ಕಡೆ ಬರೆದು, ಮತ್ತೆ ಆ ಕಡೆ ತಿರುಗಿಯೂ ನೋಡಿಲ್ಲ. ಇಡೀ ಭಾಷಣದಲ್ಲಿ ಎರಡು ಸಲ ನಗು ತರಬಲ್ಲ ವಸ್ತು ಅದೇ. ಹಾಸ್ಯದ ವೇದಿಕೆಯವರು ಇದಕ್ಕೆ ಕಾಲ್‌ಬ್ಯಾಕ್ ಅನ್ನುತ್ತಾರೆ: ಮೊದಲು ಒಂದು ಸಣ್ಣ ವಿವರ ಬಿತ್ತಿ, ಜನ ಮರೆಯುವ ಹೊತ್ತಿಗೆ ಬೇರೆ ಸಂದರ್ಭದಲ್ಲಿ ಅದನ್ನೇ ಎದುರಿಗೆ ತರುವುದು. ಎರಡರ ನಡುವಿನ ಸಂಬಂಧವನ್ನು ಕೇಳುವವರೇ ಜೋಡಿಸಿಕೊಳ್ಳುತ್ತಾರೆ, ನಗು ಬರುವುದು ಅದರಿಂದ. ನೀನೇ ಜೋಡಿಸಿ ಕೊಟ್ಟರೆ ಅವರಿಗೆ ಮಾಡಲು ಏನೂ ಉಳಿಯುವುದಿಲ್ಲ.

ಮೊದಲು ಬಿತ್ತುವ ಜಾಗ. ಮೊದಲ ವಾಕ್ಯದಲ್ಲೇ ಬೇಡ. ನಮ್ಮ ಸಮಾರಂಭಗಳಲ್ಲಿ ಮೊದಲ ನಿಮಿಷ ಮೈಕ್ ಸರಿಮಾಡುವುದಕ್ಕೆ, ಕುರ್ಚಿ ಎಳೆಯುವುದಕ್ಕೆ ಹೋಗುತ್ತದೆ. ಎರಡನೇ ನಿಮಿಷದಲ್ಲಿ, ಅವರ ದಿನಚರಿ ಹೇಳುವಾಗ ಮೂರು ವಿವರಗಳ ನಡುವೆ ಕೊಡೆಯನ್ನು ಇಡು: "ಒಂಬತ್ತೂವರೆಗೆ ಸ್ಕೂಟರ್ ನಿಲ್ಲುತ್ತೆ, ಜನವರಿಯಾದರೂ ಕೈಯಲ್ಲಿ ಕೊಡೆ ಇರುತ್ತೆ, ಒಳಗೆ ಬಂದವರು ಮೊದಲು ಸೆಕ್ಯೂರಿಟಿಯವರ ತಿಂಡಿ ಆಯ್ತಾ ಅಂತ ವಿಚಾರಿಸ್ತಾರೆ." ಕೊನೆಯಲ್ಲಿಟ್ಟರೆ ಅದೇ ಜೋಕು ಅಂತ ಜನ ಹಿಡಿದುಬಿಡುತ್ತಾರೆ. ನಡುವೆ ಇದ್ದರೆ ಬರಿಯ ಮಾಹಿತಿಯಾಗಿ ಕಿವಿಗೆ ಬೀಳುತ್ತದೆ, ಆದರೆ ಜನವರಿಗೂ ಕೊಡೆಗೂ ಹೊಂದಿಕೆಯಾಗದ ಕಾರಣ ನೆನಪಿನಲ್ಲಿ ನಿಲ್ಲುತ್ತದೆ. ಅಲ್ಲಿ ತಡೆಯಬೇಡ, ಕೈ ತೋರಿಸಬೇಡ.

ಆಮೇಲೆ ನಾಲ್ಕು ನಿಮಿಷ ಕೊಡೆಯ ಸುದ್ದಿ ಬೇಡ. ರೈತರ ಸಾಲದ ಪ್ರಸಂಗ, ಹೊಸಬರಿಗೆ ಕೆಲಸ ಕಲಿಸಿದ್ದು, ಎರಡನ್ನೂ ನಿಧಾನವಾಗಿ ಹೇಳು. ಒಂದೇ ನಿಮಿಷಕ್ಕೆ ವಾಪಸು ತಂದರೆ ಅದು ಬರೀ ಪುನರುಕ್ತಿ. ಆರನೇ ನಿಮಿಷಕ್ಕೆ ನಿನ್ನ ಆಡಿಟ್ ಪ್ರಸಂಗ ಬರುತ್ತದೆ. ಅದನ್ನು ಹೀಗೆ ತಿದ್ದಿದ್ದೇನೆ: "ಹೇಳದೆ ಕೇಳದೆ ಆಡಿಟರ್ ಬಂದ್ರು. ಕೇಳಿದ ಫೈಲೆಲ್ಲ ಅರ್ಧ ಗಂಟೆಯಲ್ಲಿ ಟೇಬಲ್ ಮೇಲೆ. 'ನಾವು ಬರೋದು ಮೊದಲೇ ಗೊತ್ತಿತ್ತಾ?' ಅಂದ್ರು. ನಾವ್ಯಾರೂ ಮಾತಾಡಲಿಲ್ಲ. ಸರ್ ಕ್ಯಾಬಿನ್ ಕಡೆ ನೋಡಿದ್ವಿ. ಬಾಗಿಲ ಹಿಂದೆ ನೇತಾಡ್ತಿತ್ತು, ಕೊಡೆ."

ಕೊನೆಯ ವಾಕ್ಯ ಗಮನಿಸು. "ಕೊಡೆ ನೇತಾಡ್ತಿತ್ತು" ಅಂದರೆ ಕೊಡೆ ಎಂದ ಕೂಡಲೇ ನಗು ಏಳುತ್ತದೆ, ಅದರ ಮೇಲೆ ನೀನು ಕ್ರಿಯಾಪದ ಹೇಳುತ್ತಾ ಹೋಗಿ ನಗುವನ್ನೇ ತುಳಿಯುತ್ತೀಯ. ಕ್ರಿಯಾಪದ ಮುಂದೆ ತಂದು ವಸ್ತುವಿನ ಹೆಸರಿಗೆ ವಾಕ್ಯ ಮುಗಿಸು, ಬಾಯಿ ಮುಚ್ಚು. ನಗು ಇಳಿಯುವವರೆಗೂ ಕಾಯಿ. ಎರಡು ಸಲವೂ ಕೊಡೆಯೇ ಆಗಿರಲಿ. ಮೊದಲು ಕೊಡೆ, ಆಮೇಲೆ ಛತ್ರಿ ಅಂದರೆ ಕೊಂಡಿ ಅರ್ಧ ಕಳಚುತ್ತದೆ.

ಇಲ್ಲಿ ಕೊಡೆಗೆ ಹೊಸ ಅರ್ಥ ಬಂದಿದೆ ಎನ್ನುವುದು ಮುಖ್ಯ. ಮೊದಲು ಅದು ವಿಚಿತ್ರ ಅಭ್ಯಾಸ, ಈಗ ಅವರ ಮುಂದಾಲೋಚನೆ. ಅರ್ಥ ಬದಲಾಗದೆ ಸುಮ್ಮನೆ ಮರಳಿದರೆ ಒಂದಿಬ್ಬರು ಮುಗುಳ್ನಗಬಹುದು, ಅಷ್ಟೆ. ಮುಕ್ತಾಯಕ್ಕೆ ಇನ್ನೊಂದೇ ಸಲ: "ಸರ್, ಪೆನ್‌ಷನ್ ತಗೊಳ್ಳಿ, ಹಾರ ತಗೊಳ್ಳಿ. ನಮಗೊಂದು ಬಿಟ್ಟು ಹೋಗಿ, ಕೊಡೆ." ಅಲ್ಲಿಗೆ ಬಿತ್ತಿದ್ದೊಂದು, ಕೊಯ್ದಿದ್ದೆರಡು. ನಾಲ್ಕನೇ ಸಲ ತಂದರೆ ಜನ ನಿನಗಿಂತ ಮುಂಚೆ ಹೇಳುತ್ತಾರೆ.

"ಆಗಲೇ ಹೇಳಿದ್ದೆನಲ್ಲ ಆ ಕೊಡೆ" ಅಂತ ಮಾತ್ರ ಎಂದೂ ಹೇಳಬೇಡ. ಮರೆತಿರುತ್ತಾರೇನೋ ಎಂಬ ಭಯಕ್ಕೆ ಎಲ್ಲರೂ ಮಾಡುವ ತಪ್ಪು ಇದು, ಕಾಲ್‌ಬ್ಯಾಕ್ ಸಾಯುವುದು ಇಲ್ಲಿಯೇ. ನಿಜವಾಗಿಯೂ ಅನುಮಾನವಿದ್ದರೆ, ಅಂದರೆ ಬಿತ್ತುವ ಹೊತ್ತಿಗೆ ಮೈಕ್ ಕಿರುಚಿದರೆ, ಅತಿಥಿಗಳು ಬಂದು ಎಲ್ಲರೂ ಎದ್ದು ನಿಂತರೆ, ಮೂರನೇ ನಿಮಿಷದಲ್ಲಿ ಇನ್ನೊಮ್ಮೆ ಹಗುರವಾಗಿ ಕೊಡೆಯನ್ನು ತೋರಿಸು: "ಕೊಡೆ ಮೂಲೆಗಿಟ್ಟು ರೈತರ ಜೊತೆ ಹೊರಗಿನ ಬೆಂಚಿನ ಮೇಲೆ ಕೂತ್ರು." ಅಷ್ಟು ಸಾಕು. ನಗು ಬರದೇ ಹೋದರೂ ಆಡಿಟ್ ಪ್ರಸಂಗ ಅವರ ಕೆಲಸದ ಶಿಸ್ತನ್ನು ಹೇಳಿಯೇ ಹೇಳುತ್ತದೆ. ನೀನು ತಡವರಿಸದೆ ಮುಂದುವರಿ.

ಮನೆಯಲ್ಲಿ ಪರೀಕ್ಷೆ ಮಾಡಿ ನೋಡು. ಈ ಭಾಷಣ ಕೇಳದವರಿಗೆ ಮೊದಲರ್ಧ ಹೇಳು, ಕಾಫಿ ಕೊಡು, ಹತ್ತು ನಿಮಿಷ ಬೇರೆ ಮಾತಾಡು, ಆಮೇಲೆ ಉಳಿದರ್ಧ ಹೇಳು. "ಯಾವ ಕೊಡೆ?" ಅಂತ ಕೇಳಿದರೆ ಬಿತ್ತಿದ್ದು ಸಾಲದು, ಜನವರಿಯ ಮಾತನ್ನು ಇನ್ನಷ್ಟು ಸ್ಪಷ್ಟ ಮಾಡು. "ಕೊಡೆ ಬರುತ್ತೆ ಅಂತ ಗೊತ್ತಿತ್ತು" ಅಂದರೆ ಬಿತ್ತುವಾಗ ಒತ್ತಿ ಹೇಳಿದ್ದೀಯ, ದನಿ ಇಳಿಸು. ತಿದ್ದಿದ ಪ್ರತಿಯನ್ನು ಭಾನುವಾರದೊಳಗೆ ಕಳಿಸು.

ಇಂತಿ ನಿನ್ನ
ದೊಡ್ಡಮ್ಮ