ಅಣ್ಣನ ಪಾಲಿನ ಭಯ

ಪ್ರೀತಿಯ ಬೇಟಾ,

ಅಸ್ಸಲಾಮು ಅಲೈಕುಂ.

ಊರಿನ ಸುದ್ದಿಯನ್ನೆಲ್ಲ ನಿನ್ನ ತಾಯಿ, ನನ್ನ ಆಪಾ, ಫೋನಿನಲ್ಲಿ ಹೇಳಿದ್ದರು. ನಿನ್ನ ಪತ್ರದ ಕೊನೆಯ ಮಾತು ಮಾತ್ರ ಅವರಿಗೂ ಗೊತ್ತಿದ್ದಂತಿಲ್ಲ. ‘ನಾನು ಕಣ್ಣು ಮುಚ್ಚಿದರೆ ಭಾಯಿಜಾನ್ ನನ್ನ ಹೆಣ್ಣುಮಕ್ಕಳನ್ನು ಮನೆಯಿಂದ ಎಬ್ಬಿಸುತ್ತಾರೆ, ಅದಕ್ಕೇ ಇಡೀ ಮನೆಯನ್ನು ಅವರಿಬ್ಬರ ಹೆಸರಿಗೆ ಉಯಿಲು ಬರೆಯುತ್ತೇನೆ’ ಎಂದಿದ್ದೀಯಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ.

ಆ ಉಯಿಲು ನಿಲ್ಲುವುದಿಲ್ಲ, ಬೇಟಾ. ನಮ್ಮ ಹನಫಿ ರಿವಾಜಿನಲ್ಲಿ ವಸೀಯತ್ ನಡೆಯುವುದು ಆಸ್ತಿಯ ಮೂರನೇ ಒಂದು ಭಾಗದ ಮಟ್ಟಿಗೆ ಮಾತ್ರ. ಅದೂ ದಫನದ ಖರ್ಚು, ಸಾಲ, ಹೆಂಡತಿಗೆ ಬಾಕಿ ಉಳಿದ ಮಹರ್ ಎಲ್ಲ ತೀರಿದ ಮೇಲೆ ಉಳಿದದ್ದರಲ್ಲಿ. ಆ ಮೂರನೇ ಒಂದನ್ನು ಕೂಡ ವಾರಿಸುದಾರರಿಗೆ ಬರೆಯುವಂತಿಲ್ಲ. ನಿನ್ನ ಮಕ್ಕಳು ವಾರಿಸುದಾರರೇ. ಅವರಿಗೆ ಬರೆದದ್ದು ನಿಲ್ಲಬೇಕಾದರೆ ನಿನ್ನ ಕಾಲಾನಂತರ ಉಳಿದ ವಾರಿಸುದಾರರು ಒಪ್ಪಬೇಕು. ಅಂದರೆ ನೀನು ಯಾರಿಗೆ ಹೆದರಿ ಉಯಿಲು ಬರೆಯುತ್ತೀಯೋ ಅವರ ಒಪ್ಪಿಗೆಯೇ ಬೇಕಾಗುತ್ತದೆ.

ಈ ಮಿತಿ ಯಾಕೆ ಎಂದು ನಿನಗೆ ಸಿಟ್ಟು ಬರಬಹುದು. ಪ್ರವಾದಿಯವರ ಸಹಚರ ಸಅದ್ ಬಿನ್ ಅಬೀ ವಕ್ಕಾಸ್ ಮಕ್ಕಾದಲ್ಲಿ ಕಾಯಿಲೆ ಬಿದ್ದಾಗ ಅವರಿಗೂ ವಾರಿಸಾಗಿ ಇದ್ದದ್ದು ಒಬ್ಬಳು ಮಗಳು. ಮೂರರಲ್ಲಿ ಎರಡು ಭಾಗ ದಾನ ಬರೆಯಲೇ ಎಂದು ಪ್ರವಾದಿಯವರನ್ನು ಕೇಳಿದರು. ಬೇಡ ಎಂದರು. ಅರ್ಧ? ಅದೂ ಬೇಡ. ಕೊನೆಗೆ ಮೂರನೇ ಒಂದಕ್ಕೆ ಒಪ್ಪಿ, ಅದೂ ಹೆಚ್ಚೇ, ವಾರಿಸುದಾರರು ಪರರ ಮುಂದೆ ಕೈಚಾಚುವಂತೆ ಬಿಟ್ಟುಹೋಗಬೇಡ ಎಂದರು. ಈ ತಡೆ ಮಕ್ಕಳ ಪಾಲನ್ನು ಕಾಯಲು ಹುಟ್ಟಿದ್ದು. ನೀನು ಹೆದರಿರುವುದೂ ಆ ಪಾಲಿಗಾಗಿಯೇ.

ಇನ್ನು ಭಾಯಿಜಾನ್‌ಗೆ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿ ನೋಡು. ಸಾಲ ಕಳೆದು ನಲವತ್ತೆಂಟು ಲಕ್ಷ ಉಳಿಯಿತು ಎಂದುಕೊಳ್ಳೋಣ. ಹೆಂಡತಿಗೆ ಎಂಟನೇ ಒಂದು, ಆರು ಲಕ್ಷ. ಗಂಡು ಮಗನಿಲ್ಲದೆ ಇಬ್ಬರು ಹೆಣ್ಣುಮಕ್ಕಳಿದ್ದರೆ ಇಬ್ಬರಿಗೂ ಸೇರಿ ಮೂರರಲ್ಲಿ ಎರಡು, ಮೂವತ್ತೆರಡು ಲಕ್ಷ. ತಾಯಿಗೆ ಆರನೇ ಒಂದು, ಎಂಟು ಲಕ್ಷ. ಉಳಿದದ್ದು ಅಣ್ಣನಿಗೆ, ಎರಡು ಲಕ್ಷ. ಇಷ್ಟರಿಂದ ಯಾರೂ ಯಾರನ್ನೂ ಎಬ್ಬಿಸಲಾರರು. ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ: ಆಪಾ ನಿನಗಿಂತ ಮೊದಲು ಹೋದರೆ ಅಣ್ಣನ ಪಾಲು ಹತ್ತು ಲಕ್ಷಕ್ಕೆ ಏರುತ್ತದೆ. ಆಗಲೂ ನಿನ್ನ ಮಕ್ಕಳ ಮೂವತ್ತೆರಡು ಲಕ್ಷ ಅಲುಗುವುದಿಲ್ಲ.

ಹಾಗಾದರೆ ವಸೀಯತ್ ಯಾರಿಗಾಗಿ? ನನ್ನ ತಮ್ಮನ ಮಗನಂಥವರಿಗಾಗಿ. ನನ್ನ ತಮ್ಮ ನಮ್ಮ ಅಬ್ಬಾಗಿಂತ ಮೊದಲೇ ತೀರಿಕೊಂಡ. ಅಜ್ಜನ ಬೇರೆ ಗಂಡುಮಕ್ಕಳು ಬದುಕಿದ್ದರೆ ಅಂಥ ಮೊಮ್ಮಗನಿಗೆ ಪಾಲಿಲ್ಲ. ವಾರಿಸುದಾರನಲ್ಲದ ಕಾರಣಕ್ಕೇ ಅವನಿಗೆ ಮೂರನೇ ಒಂದರವರೆಗೆ ಧಾರಾಳವಾಗಿ ಬರೆಯಬಹುದಿತ್ತು. ಬರೆಯಬೇಕು, ಬರೆಯಬೇಕು ಎನ್ನುತ್ತಲೇ ಅಬ್ಬಾ ಹೋಗಿಬಿಟ್ಟರು. ತೋಟದ ಪಾಲಿನ ಮಾತು ನಡೆದ ದಿನ ಆ ಹುಡುಗ ನಮಗೆಲ್ಲ ಚಹಾ ತಂದುಕೊಟ್ಟು ಖಾಲಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದ. ತನ್ನ ಹೆಸರು ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದನೇನೋ. ಆ ಕೊರಗು ನನ್ನನ್ನು ಇನ್ನೂ ಬಿಟ್ಟಿಲ್ಲ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಲೆಕ್ಕ ನೋಡಿದ ಮೇಲೂ ಅದು ಹೋಗದಿದ್ದರೆ ಹಿಬಾ ಇದೆ, ಬದುಕಿರುವಾಗಲೇ ಕೊಡುವ ದಾನ. ಅದಕ್ಕೆ ಮೂರನೇ ಒಂದರ ಮಿತಿ ಇಲ್ಲ, ಮಕ್ಕಳಿಗೂ ಕೊಡಬಹುದು. ಸಾಮಾನ್ಯವಾಗಿ ಸ್ವಾಧೀನ ಬಿಟ್ಟುಕೊಡಬೇಕು. ನಿನ್ನ ಮಕ್ಕಳು ಚಿಕ್ಕವರು, ನೀನೇ ಅವರ ಪೋಷಕ, ಹಾಗಾಗಿ ಕೊಟ್ಟದ್ದು ನಿಜವೆಂಬುದು ಸ್ಪಷ್ಟವಾಗಿದ್ದರೆ ಸಾಕು. ಪತ್ರ ಮಾಡಿಸಿ ಖಾತೆ ಬದಲಾಯಿಸಿದರೆ ನಾಳೆ ತಕರಾರು ಕಡಿಮೆ. ಆದರೆ ಆರೋಗ್ಯವಾಗಿರುವಾಗಲೇ ಮಾಡಬೇಕು. ಕೊನೆಯ ಕಾಯಿಲೆಯ ಹಾಸಿಗೆಯಿಂದ ಕೊಟ್ಟ ಹಿಬಾಕ್ಕೆ ವಸೀಯತ್ತಿನ ಕಟ್ಟುಪಾಡುಗಳೇ ಅನ್ವಯಿಸುತ್ತವೆ. ಒಮ್ಮೆ ಕೊಟ್ಟರೆ ಮನೆ ಅವರದು, ನಿನಗೆ ಕಷ್ಟ ಬಂದಾಗ ಮಾರಲು ಹೋಗಬಾರದು. ನಿನ್ನ ಹೆಂಡತಿ ಮತ್ತು ಆಪಾ ಅವರ ಪಾಲೂ ಆ ಮನೆಯಲ್ಲಿ ಉಳಿಯುವುದಿಲ್ಲ. ಅದಕ್ಕೇ ಹಿಬಾ ಮಾಡು ಎಂದು ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಸಾಲದು. ವಕೀಲರನ್ನೂ ಆಲಿಮರನ್ನೂ ಒಮ್ಮೆ ಕೇಳಿಬಿಡು.

ಅಂದಹಾಗೆ, ನಿಕಾಹ್‌ನಲ್ಲಿ ಬರೆದ ಮಹರ್ ಪೂರ್ತಿ ಕೊಟ್ಟಿದ್ದೀಯಾ? ಬಾಕಿ ಇದ್ದರೆ ಮೊದಲು ಅದನ್ನು ತೀರಿಸು. ದೊಡ್ಡವನಾಗಿ ಇದನ್ನು ಕೇಳುವುದು ಸರಿಯೋ ತಪ್ಪೋ ತಿಳಿಯದು, ಆದರೂ ಉತ್ತರ ಬರೆ.

ನಿನ್ನ ಮಾಮು