ಐದು ವರ್ಷ ಕಾಯಬೇಕಂತೆ!

ಮಾನ್ಯ ಸಂಪಾದಕರೇ,

ಬ್ಯಾಂಕುಗಳು ಗ್ರಾಹಕರ ತಲೆಗೆ ವಿಮೆ ಕಟ್ಟುವ ಬಗ್ಗೆ ಮೊನ್ನೆ ನಿಮ್ಮಲ್ಲಿ ವರದಿ ಬಂತಲ್ಲ, ಅದಕ್ಕೆ ನಮ್ಮ ಬಡಾವಣೆಯ ಶಾಖೆಯನ್ನೂ ಸೇರಿಸಿಕೊಳ್ಳಿ. ಯಾವ ಶಾಖೆ ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ.

ನನ್ನ ಮಗನಿಗೆ 24 ವರ್ಷ, ಮೊದಲ ಕೆಲಸ. ಸಂಬಳದ ಖಾತೆ ತೆರೆಯಲು ಹೋದವನು ವಿಮೆ ಮತ್ತು ಫಂಡಿನ ಹೂಡಿಕೆ ಎರಡನ್ನೂ ಬೆರೆಸಿದ ಯೂಲಿಪ್ ಪಾಲಿಸಿ ಹೊತ್ತುಕೊಂಡು ಬಂದ. ತಿಂಗಳಿಗೆ 5,000, ಅಂದರೆ ವರ್ಷಕ್ಕೆ 60,000. ‘ಎಫ್‌ಡಿ ಥರಾನೇ, ಜೊತೆಗೆ ವಿಮೆ ಫ್ರೀ’ ಅಂದರಂತೆ. ಫ್ರೀ ವಿಮೆ ಎಷ್ಟು? ವರ್ಷದ ಕಂತಿನ ಹತ್ತು ಪಟ್ಟು, 6 ಲಕ್ಷ. ಅವನಿಗೇನಾದರೂ ಆದರೆ (ಬಿಡ್ತು ಅನ್ನಿ) ಈ 6 ಲಕ್ಷ ಅಥವಾ ಫಂಡಿನ ಮೊತ್ತ, ಯಾವುದು ಜಾಸ್ತಿಯೋ ಅದೊಂದೇ ಸಿಗುತ್ತದೆ, ಎರಡೂ ಅಲ್ಲ. ಆ ವಿಮೆಯ ಖರ್ಚನ್ನೂ ತಿಂಗಳು ತಿಂಗಳು ಅವನ ಯೂನಿಟ್ಟುಗಳಿಂದಲೇ ಮುರಿದುಕೊಳ್ಳುತ್ತಾರೆ. ಚೆನ್ನಾಗಿದೆ ಫ್ರೀ!

ಅವನ ವಯಸ್ಸಿಗೆ, ಸಿಗರೇಟು ಸೇದದವರಿಗೆ, ಸತ್ತರೆ ಮಾತ್ರ ಹಣ ಕೊಡುವ 1 ಕೋಟಿಯ ಟರ್ಮ್ ವಿಮೆ ವರ್ಷಕ್ಕೆ ಹತ್ತು ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಉಳಿದ 4,000ವನ್ನು ತಿಂಗಳು ತಿಂಗಳು ಇಂಡೆಕ್ಸ್ ಫಂಡಿನ ಎಸ್‌ಐಪಿಗೆ ಹಾಕಬಹುದಿತ್ತು. ಕೈ ಕಟ್ಟಿದಾಗ ಎಸ್‌ಐಪಿ ನಿಲ್ಲಿಸಿದರೆ ಕೇಳುವವರಿಲ್ಲ, ವಿಮೆ ಮಾತ್ರ ನಡೆಯುತ್ತಿರುತ್ತದೆ. ಯೂಲಿಪ್‌ನಲ್ಲಿ ಈಗ ಕಂತು ನಿಲ್ಲಿಸಿದರೆ ಒಂದಿಷ್ಟು ಶುಲ್ಕ ಕಳೆದು, ಹಣವನ್ನು ಬೇರೊಂದು ಫಂಡಿಗೆ ತಳ್ಳಿ, ವರ್ಷಕ್ಕೆ ಕನಿಷ್ಠ ಶೇ 4ರ ಬಡ್ಡಿ ಕೊಟ್ಟು, ಐದು ವರ್ಷ ಮುಗಿದ ಮೇಲಷ್ಟೇ ವಾಪಸ್. ಅಷ್ಟು ದಿನ ವಿಮೆಯೂ ಇಲ್ಲ. ತೆರಿಗೆ ಉಳಿಯುತ್ತದೆ ಅಂತಲೂ ಹೇಳಿದ್ದಾರೆ. ಮೆಚ್ಯೂರಿಟಿ ಹಣಕ್ಕೆ ತೆರಿಗೆ ಇಲ್ಲ, ಅದು ನಿಜವೇ. ಆದರೆ ಇವನು ಹೊಸ ತೆರಿಗೆ ಪದ್ಧತಿಯಲ್ಲಿದ್ದಾನೆ, ಅಲ್ಲಿ ಕಂತಿನ ಹಣಕ್ಕೆ ಸಿಗುವ 80ಸಿ ವಿನಾಯಿತಿಯೇ ಇಲ್ಲ. ಅದನ್ನು ಕೇಳುವ ತಾಳ್ಮೆ ಯಾರಿಗಿತ್ತು?

ಪಾಲಿಸಿ ಕೈಗೆ ಬಂದು 30 ದಿನದೊಳಗೆ ಬೇಡ ಅಂದರೆ ರದ್ದು ಮಾಡಿಸಬಹುದು. ನಮ್ಮದು ಇಮೇಲ್‌ನಲ್ಲಿ ಬಂದು ಸ್ಪ್ಯಾಮ್‌ನಲ್ಲಿ ಕೂತಿತ್ತು. ಮಗರಾಯ ತೆರೆದಿದ್ದು ನಲವತ್ತನೇ ದಿನ. ಸೋಮವಾರ ನಾನೇ ಹೋದೆ. ಟೋಕನ್ 47. ಸರ್ವರ್ ಡೌನ್. ಆಮೇಲೆ ಊಟದ ಸಮಯ. ಆಮೇಲೆ ಮಾರಿದ ಹುಡುಗಿಗೆ ವರ್ಗ ಆಗಿದೆಯಂತೆ. ‘ಸಹಿ ನಿಮ್ಮ ಮಗನದ್ದೇ ಅಲ್ವಾ ಸರ್?’ ಅಂದರು ಮ್ಯಾನೇಜರ್. ಹೊರಗೆ ಬಂದರೆ ನನ್ನ ಸ್ಕೂಟರನ್ನು ಟೋಯಿಂಗ್‌ನವರು ಎತ್ತಿಕೊಂಡು ಹೋಗಿದ್ದರು!

ದೊಡ್ಡವರ ಕಥೆಯೂ ಅಷ್ಟೇ. 2010ರಲ್ಲಿ ಯೂಲಿಪ್ ಯಾರ ಕೈಯಲ್ಲಿರಬೇಕು ಅಂತ ಷೇರುಪೇಟೆ ನಿಯಂತ್ರಿಸುವ ಸೆಬಿ ಮತ್ತು ವಿಮಾ ಪ್ರಾಧಿಕಾರ ಜಗಳಕ್ಕೆ ಬಿದ್ದು, ಕೊನೆಗೆ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಪ್ರಾಧಿಕಾರಕ್ಕೆ ಒಪ್ಪಿಸಿತು. ಆಗ ಮೂರು ವರ್ಷ ಇದ್ದ, ಹಣ ತೆಗೆಯಲಾಗದ ಲಾಕ್-ಇನ್ ಅವಧಿ ಐದಾಯಿತು. ಗ್ರಾಹಕನ ಹಿತಕ್ಕಂತೆ! ಆ ಶಾಖೆಯ ಪಾಸ್‌ಬುಕ್ ಮೆಷಿನ್ ಕೆಟ್ಟು ಎಂಟು ತಿಂಗಳಾಯಿತು, ಅದಕ್ಕೆ ಯಾವ ಸುಗ್ರೀವಾಜ್ಞೆಯೂ ಬರಲಿಲ್ಲ. ನಮ್ಮ ವಾರ್ಡಿನ ಚರಂಡಿಯ ಬಗ್ಗೆ ಹಿಂದೆ ಎರಡು ಸಲ ನಿಮಗೆ ಬರೆದಿದ್ದೇನೆ, ಅದೂ ಹಾಗೇ ಇದೆ.

ಸಂಬಂಧಪಟ್ಟವರು ಮಗನ ಹಣ ವಾಪಸ್ ಕೊಡಿಸಬೇಕು, ಬ್ಯಾಂಕಿನಲ್ಲಿ ವಿಮೆ ಮಾರುವುದನ್ನೇ ನಿಲ್ಲಿಸಬೇಕು. ಅಷ್ಟಾಗದಿದ್ದರೆ ಆ ಮೆಷಿನ್ನನ್ನಾದರೂ ರಿಪೇರಿ ಮಾಡಿಸಲಿ.

– ನೊಂದ ತಂದೆ, ಮೈಸೂರು